ಅರೆಮಂಡಿಗೆ ಮೂರು ಗ್ರಾಂ

ಭರತನಾಟ್ಯದಲ್ಲಿ ವರ್ಣ ಮಾಡಿದವರಿಗೆ ಗೊತ್ತು, ಕಾಲು ಕೈಕೊಡುವುದು ಮೂರು ವೇಗದಲ್ಲಿ ಕಾಲು ಹೊಡೆಯುವ ಶುರುವಿನ ತ್ರಿಕಾಲ ಜತಿಯಲ್ಲಲ್ಲ. ಆಗ ಮೈಯಲ್ಲಿ ಹುರುಪಿರುತ್ತದೆ, ಮೂರನೇ ಕಾಲವೂ ಹೇಗೋ ದಾಟುತ್ತದೆ. ಕಷ್ಟ ಶುರುವಾಗುವುದು ಚರಣಕ್ಕೆ ಬಂದ ಮೇಲೆ. ಪಲ್ಲವಿ, ಅನುಪಲ್ಲವಿಯಲ್ಲಿ ಒಂದು ಜತಿಗೂ ಇನ್ನೊಂದಕ್ಕೂ ನಡುವೆ ಸಾಹಿತ್ಯ ಇರುತ್ತದೆ, ಸಂಚಾರಿ ಇರುತ್ತದೆ, ಮೂರ್ನಾಲ್ಕು ನಿಮಿಷ ಅಭಿನಯದಲ್ಲಿ ಕಾಲಿಗೆ ಉಸಿರು ಸಿಗುತ್ತದೆ. ಚರಣ ಸ್ವರಗಳಿಗೆ ಬಂದರೆ ಆ ಬಿಡುವು ಕರಗುತ್ತಾ ಹೋಗುತ್ತದೆ. ತೊಡೆ ಉರಿಯತೊಡಗುತ್ತದೆ, ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂತ ಅರೆಮಂಡಿ ನಮಗೆ ಗೊತ್ತಿಲ್ಲದ ಹಾಗೆ ಎರಡು ಬೆರಳು ಮೇಲೇಳುತ್ತದೆ. ನೋಡುವವರಿಗೆ ಅದು ಮೊದಲು ಕಾಣುತ್ತದೆ, ಮಾಡುವವರಿಗೆ ಆಮೇಲೆ.

ನನಗೀಗ 37. ಕುವೆಂಪುನಗರದ ಮನೆಯ ಮಹಡಿಯಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ, ವರ್ಷಕ್ಕೆ ಕೆಲವು ಪೂರ್ಣ ಕಾರ್ಯಕ್ರಮ ಕೊಡುತ್ತೇನೆ. ದಸರಾ ಹೊತ್ತಿಗೆ ಒಂದು ದೊಡ್ಡ ವರ್ಣ ಒಪ್ಪಿಕೊಂಡಿದ್ದೆ. ಅಭ್ಯಾಸದ ವಿಡಿಯೊಗಳಲ್ಲಿ ಚರಣದ ಭಾಗ ನೋಡಿದಾಗಲೆಲ್ಲ ಅದೇ ಕತೆ: ಕೈ, ಕಣ್ಣು ಸರಿ, ಮಂಡಿ ಮಾತ್ರ ಮೇಲಕ್ಕೆ. ನನ್ನ ಹಳೆಯ ಶಿಷ್ಯೆಯೊಬ್ಬಳು ಈಗ ಫಿಸಿಯೋಥೆರಪಿಸ್ಟ್. ಅವಳು ವಿಡಿಯೊ ನೋಡಿ, "ಅಕ್ಕ, ನೀವು ಕ್ರಿಯೇಟಿನ್ ಟ್ರೈ ಮಾಡಿದ್ದೀರಾ?" ಅಂದಳು. ಜಿಮ್ಮಿನವರು ನೀರಿಗೆ ಬೆರೆಸಿ ಕುಡಿಯುವ ಪುಡಿ ಅದು ಅಂತಷ್ಟೇ ಗೊತ್ತಿದ್ದ ನನಗೆ ಕಣ್ಮುಂದೆ ಬಂದದ್ದು ಜಿಮ್ಮಿನ ಗೋಡೆಯ ಮೇಲಿನ ಪೋಸ್ಟರ್ ದೇಹಗಳು. "ತೋಳು ಉಬ್ಬಿಸಿಕೊಂಡು ನಾಯಿಕೆ ಆಗೋಕಾಗತ್ತೇನೇ?" ಅಂದೆ. ಅವಳು ನಗಲಿಲ್ಲ, ಕೂರಿಸಿ ವಿವರಿಸಿದಳು. ಆಮೇಲೆ ನಾನೇ ಓದಿಕೊಂಡೆ, ವೈದ್ಯರನ್ನೂ ಕೇಳಿದೆ. ತಿಳಿದದ್ದು ಇಷ್ಟು.

ಸ್ನಾಯು ಕೆಲಸ ಮಾಡಲು ಬೇಕಾದ ಇಂಧನಕ್ಕೆ ಎಟಿಪಿ ಎನ್ನುತ್ತಾರೆ. ಜೋರಾದ ಕೆಲಸಕ್ಕಿಳಿದರೆ ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಒಂದೆರಡು ಸೆಕೆಂಡಿಗಷ್ಟೇ ಸಾಕು. ಅದು ಖರ್ಚಾದ ಹಾಗೆ ತಕ್ಷಣ ತುಂಬಿಕೊಡುವುದು ಕ್ರಿಯೇಟಿನ್ ಫಾಸ್ಫೇಟ್. ಆ ದಾಸ್ತಾನು ಸುಮಾರು ಹತ್ತು ಸೆಕೆಂಡಿನ ಬಿರುಸಿಗೆ ಆಗುತ್ತದೆ. ಆಮೇಲೆ ಸಕ್ಕರೆಯಂಶ ಒಡೆದು, ಆಮ್ಲಜನಕ ಬಳಸಿ ಮೈ ಬೇರೆ ದಾರಿ ಹಿಡಿಯುತ್ತದೆ, ಉರಿ ಶುರುವಾಗುತ್ತದೆ. ಬಿಡುವು ಕೊಟ್ಟರೆ ಕ್ರಿಯೇಟಿನ್ ಫಾಸ್ಫೇಟ್ ಮತ್ತೆ ತುಂಬಿಕೊಳ್ಳುತ್ತದೆ. ಅರ್ಧದಷ್ಟು ಅರ್ಧ ನಿಮಿಷದ ಆಸುಪಾಸಿನಲ್ಲೇ, ಪೂರ್ತಿ ಆಗಲು ಮೂರರಿಂದ ಐದು ನಿಮಿಷ.

ಇದನ್ನು ಓದಿದಾಗ ನನಗೆ ವರ್ಣದ ಲೆಕ್ಕವೇ ಕಂಡಿತು. ಜತಿ ಎಂದರೆ ಬಿರುಸು, ಸಂಚಾರಿ ಎಂದರೆ ತುಂಬಿಕೊಳ್ಳುವ ಹೊತ್ತು. ಚರಣದಲ್ಲಿ ಬಿರುಸು ಅಷ್ಟೇ ಇದ್ದು ತುಂಬಿಕೊಳ್ಳುವ ಹೊತ್ತು ಕಮ್ಮಿ. ಅದರ ಮೇಲೆ ಅರೆಮಂಡಿಯ ಇನ್ನೊಂದು ತೊಂದರೆ ಇದೆ: ತೊಡೆ ಬಿಗಿಹಿಡಿದೇ ಇರುವಾಗ ಸ್ನಾಯುವಿನೊಳಗಿನ ಒತ್ತಡಕ್ಕೆ ರಕ್ತದ ಹರಿವು ತಗ್ಗುತ್ತದೆ, ಹಾಗಾಗಿ ಒಳಗೆ ಇಟ್ಟುಕೊಂಡ ದಾಸ್ತಾನಿನ ಮೇಲೇ ಹೆಚ್ಚು ಭಾರ ಬೀಳುತ್ತದೆ. ಪುಡಿ ತೆಗೆದುಕೊಂಡರೆ ಆ ದಾಸ್ತಾನು ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಅನ್ನುವುದು ಈಗಾಗಲೇ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ನಮ್ಮ ಮೈ ದಿನಕ್ಕೆ ಸುಮಾರು ಒಂದು ಗ್ರಾಂ ಕ್ರಿಯೇಟಿನ್ ತಾನೇ ತಯಾರಿಸುತ್ತದೆ. ಮಾಂಸ ಮೀನು ತಿನ್ನುವವರಿಗೆ ಊಟದಿಂದಲೂ ಬರುತ್ತದೆ. ನಮ್ಮಂಥ ಸೊಪ್ಪು-ಸಾರಿನ ಮನೆಯವರಿಗೆ ಊಟದಿಂದ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಇದು ಕಡಿಮೆ ಇರುತ್ತದೆ, ಪುಡಿಯಿಂದ ಅವರಿಗೆ ಆಗುವ ಏರಿಕೆಯೂ ಸಾಮಾನ್ಯವಾಗಿ ಹೆಚ್ಚು.

ಮನೆಯಲ್ಲಿ ಮೊದಲ ಅಡ್ಡಿ ಬಂದದ್ದೂ ಇಲ್ಲೇ. ಮಾಂಸದಲ್ಲಿ ಇರುವ ವಸ್ತು ಅಂತ ಅಮ್ಮನ ಕಿವಿಗೆ ಬಿದ್ದದ್ದೇ ತಡ, "ಅದನ್ನ ದೇವರ ಮನೆ ಪಕ್ಕದ ಅಡುಗೆಮನೇಲಿ ಇಡಬೇಡ" ಅಂದುಬಿಟ್ಟರು. ಪುಡಿಯಾಗಿ ಮಾರುವ ಕ್ರಿಯೇಟಿನ್ ಮೊನೊಹೈಡ್ರೇಟನ್ನು ಮಾಂಸದಿಂದ ತೆಗೆಯುವುದಿಲ್ಲ, ಕಾರ್ಖಾನೆಯಲ್ಲಿ ಸಾರ್ಕೊಸಿನ್ ಮತ್ತು ಸೈಯನಮೈಡ್ ಎಂಬ ರಾಸಾಯನಿಕಗಳನ್ನು ಸೇರಿಸಿ ತಯಾರಿಸುತ್ತಾರೆ. ಡಬ್ಬಿಯ ಮೇಲಿನ ಹಸಿರು ಚುಕ್ಕಿ ತೋರಿಸಿದ ಮೇಲೆ ಅಮ್ಮ ಸುಮ್ಮನಾದರು. ಮಾತ್ರೆ ರೂಪದಲ್ಲಿ ಬರುವುದಾದರೆ ಮಾತ್ರ ನೋಡಿಕೊಳ್ಳಬೇಕು, ಹೊರಗಿನ ಕ್ಯಾಪ್ಸೂಲ್ ಜೆಲಾಟಿನ್‌ನದ್ದಾಗಿರಬಹುದು.

ಸರಸ್ವತಿಪುರಂನ ನಮ್ಮ ಡಾಕ್ಟರ್ ಬೇಡ ಅನ್ನಲಿಲ್ಲ, ಆದರೆ ಮೊದಲು ರಕ್ತ ಕೊಡು ಅಂದರು. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯೇಟಿನಿನ್. "ಕಬ್ಬಿಣ ಇಲ್ಲದೆ ಸುಸ್ತಾಗೋವರಿಗೆ ಈ ಪುಡಿ ಕೊಟ್ಟು ಏನು ಪ್ರಯೋಜನಮ್ಮ? ಅದನ್ನ ಮೊದಲು ನೋಡೋಣ." ಸರಿಯಾದ ಮಾತು. ಮುಟ್ಟು ಜಾಸ್ತಿ ಹೋಗುವ, ಮಾಂಸ ತಿನ್ನದ ಹೆಣ್ಣುಮಕ್ಕಳಲ್ಲಿ ಕಾಲು ಸೋಲುವುದಕ್ಕೆ ಕಬ್ಬಿಣದ ಕೊರತೆಯೇ ಕಾರಣ ಇರಬಹುದು. ಅದಕ್ಕೆ ಕ್ರಿಯೇಟಿನ್ ಮದ್ದಲ್ಲ. ನನ್ನದು ಸರಿಯಿತ್ತು. ಕ್ರಿಯೇಟಿನಿನ್ 0.7. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ. ಮಂಡಿ ನೋವಿಗೆ ಎಷ್ಟು ಸಲ ಮಾತ್ರೆ ನುಂಗುತ್ತೀಯ ಅಂತಲೂ ಕೇಳಿದರು. ನೃತ್ಯದವರು ಈ ಪ್ರಶ್ನೆಗೆ ನಿಜ ಹೇಳಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ಕಡಲೆಪುರಿಯ ಹಾಗೆ ತಿನ್ನುವವರು ನಮ್ಮಲ್ಲಿದ್ದಾರೆ, ಮೂತ್ರಪಿಂಡಕ್ಕೆ ನಿಜವಾದ ಅಪಾಯ ಇರುವುದು ಆ ಕಡೆಯಿಂದ. ಮೂತ್ರಪಿಂಡದ ಕಾಯಿಲೆ ಇದ್ದವರು ಕ್ರಿಯೇಟಿನ್ ಮುಟ್ಟಬಾರದು, ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು ಅಂತ ಅವರೇ ಸ್ಪಷ್ಟವಾಗಿ ಹೇಳಿದರು.

ಇನ್ನು ಪ್ರಮಾಣ. ಜಿಮ್‌ಗಳಲ್ಲಿ ಹೇಳುವ ಪದ್ಧತಿಗೆ ಲೋಡಿಂಗ್ ಅನ್ನುತ್ತಾರೆ: ದಿನಕ್ಕೆ 20 ಗ್ರಾಂ, ನಾಲ್ಕು ಪಾಲು ಮಾಡಿ, ಐದರಿಂದ ಏಳು ದಿನ, ಆಮೇಲೆ ದಿನಕ್ಕೆ 3ರಿಂದ 5 ಗ್ರಾಂ. ಒಂದೇ ವಾರದಲ್ಲಿ ಸ್ನಾಯು ತುಂಬಿಬಿಡುತ್ತದೆ. ಆದರೆ ಕ್ರಿಯೇಟಿನ್ ಸ್ನಾಯುವಿನೊಳಗೆ ಹೋಗುವಾಗ ನೀರನ್ನೂ ಜೊತೆಗೆ ಕರೆದೊಯ್ಯುತ್ತದೆ. ಹೀಗೆ ಒಂದು ವಾರದಲ್ಲಿ ಒಂದರಿಂದ ಎರಡು ಕೆಜಿ ತೂಕ ಏರುವುದು ಸಾಮಾನ್ಯ. ಇನ್ನೊಂದು ದಾರಿ ಇದೆ: ಮೊದಲ ದಿನದಿಂದಲೇ 3 ಗ್ರಾಂ ಮಾತ್ರ. 1996ರಲ್ಲೇ ಪ್ರಕಟವಾದ ಅಧ್ಯಯನವೊಂದು ದಿನಕ್ಕೆ 3 ಗ್ರಾಂನಂತೆ 28 ದಿನ ತೆಗೆದುಕೊಂಡರೂ ಸ್ನಾಯು ಹೆಚ್ಚುಕಮ್ಮಿ ಅಷ್ಟೇ ತುಂಬುತ್ತದೆ ಎಂದು ತೋರಿಸಿತ್ತು. ನಿಧಾನ, ಅಷ್ಟೇ. ನೀರೂ ನಿಧಾನವಾಗಿ ಸೇರುತ್ತದೆ, ತೂಕದ ಏರಿಕೆ ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ.

ಮಂಡ್ಯದ ಗೆಳತಿಯೊಬ್ಬಳ ಪಾಡು ನೋಡಿದ್ದರಿಂದ ನನಗೆ ಎರಡನೇ ದಾರಿಯೇ ಸರಿಯೆನಿಸಿತು. ಅವಳು ಏಕವ್ಯಕ್ತಿ ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಯಾರೋ ಟ್ರೇನರ್ ಮಾತು ಕೇಳಿ ಲೋಡಿಂಗ್ ಮಾಡಿದಳು. ನಾಲ್ಕು ಪಾಲು ಮಾಡಲು ಪುರುಸೊತ್ತಿಲ್ಲದೆ ಬೆಳಿಗ್ಗೆ ಹತ್ತು, ರಾತ್ರಿ ಹತ್ತು ಗ್ರಾಂ. ಒಟ್ಟಿಗೆ ಅಷ್ಟು ಹೋದರೆ ಕರುಳು ಹೀರಿಕೊಳ್ಳದೆ ಉಳಿದದ್ದು ನೀರೆಳೆದುಕೊಂಡು ಭೇದಿ ಹತ್ತುತ್ತದೆ, ಹತ್ತಿತು. ಅದು ನಿಂತ ಮೇಲೆ ತೂಕ ಒಂದೂವರೆ ಕೆಜಿ ಏರಿತ್ತು. ಕೊಬ್ಬಲ್ಲ, ನೀರು. ಆದರೆ ಅಳತೆ ಕೊಟ್ಟು ಹೊಲಿಸಿದ ರೇಷ್ಮೆ ಬ್ಲೌಸಿಗೆ ಆ ವ್ಯತ್ಯಾಸ ಗೊತ್ತಿಲ್ಲವಲ್ಲ! ತೋಳಿನ ಪಟ್ಟಿ ಬಿಗಿ, ಬೆನ್ನಿನ ಹುಕ್ಕು ಹಾಕಿದರೆ ಉಸಿರಿಗೆ ತೊಡಕು. ಟೈಲರ್ ಒಳಗೆ ಬಿಟ್ಟಿದ್ದ ಬಟ್ಟೆ ಬಿಚ್ಚಿ ಸಡಿಲ ಮಾಡಿಕೊಟ್ಟರು. "ನೀವು ಡ್ಯಾನ್ಸ್‌ನೋರು ಯಾವಾಗ ದಪ್ಪ ಆಗ್ತೀರೋ ಸಣ್ಣ ಆಗ್ತೀರೋ ಅಂತ ನಾವು ಒಂದಿಂಚು ಇಟ್ಟೇ ಇರ್ತೀವಿ ಮೇಡಂ" ಅಂದರಂತೆ. ಪುಡಿಯ ತಪ್ಪಿಲ್ಲ, ಹೊತ್ತು ಮತ್ತು ಅಳತೆಯ ತಪ್ಪು. ಕಾರ್ಯಕ್ರಮದ ಹಿಂದಿನ ವಾರ ಇದನ್ನು ಶುರು ಮಾಡುವುದರಲ್ಲಿ ಅರ್ಥವಿಲ್ಲ. ನಾನು ಆಷಾಢದಲ್ಲೇ ಶುರು ಮಾಡಿದೆ, ಹೊಸ ಕಾಸ್ಟ್ಯೂಮಿನ ಅಳತೆಯನ್ನು ಶ್ರಾವಣ ದಾಟಿದ ಮೇಲೆ ಕೊಟ್ಟೆ.

ಕೊಳ್ಳುವಾಗ ನೋಡಿದ್ದು: ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರು, ಕ್ರಿಯೇಟಿನ್ ಮೊನೊಹೈಡ್ರೇಟ್. ಎಫ್‌ಎಸ್‌ಎಸ್‌ಎಐ ಸಂಖ್ಯೆ, ಒಡೆಯದ ಸೀಲು, ಆ ಬ್ಯಾಚಿನದೇ ಲ್ಯಾಬ್ ವರದಿ. ಹಣ್ಣಿನ ರುಚಿ, ಬಣ್ಣ, ಕೆಫೀನ್ ಬೆರೆತ ಪ್ರಿ-ವರ್ಕೌಟ್ ಪುಡಿಗಳು ಬೇಡ. ಎಚ್‌ಸಿಎಲ್, ಈಥೈಲ್ ಎಸ್ಟರ್ ಅಂತ ಹೆಚ್ಚು ಬೆಲೆಗೆ ಮಾರುವವು ಸಾದಾ ಮೊನೊಹೈಡ್ರೇಟಿಗಿಂತ ಮೇಲು ಅಂತ ಯಾರೂ ತೋರಿಸಿಲ್ಲ. ಈಥೈಲ್ ಎಸ್ಟರ್ ಅಂತೂ ಅದಕ್ಕಿಂತ ಕಡೆ. ನಾಲಿಗೆಗೂ ಒಂದಿಷ್ಟು ಗೊತ್ತಾಗುತ್ತದೆ: ಅಸಲಿ ಪುಡಿ ಸಪ್ಪೆ, ಕೊಂಚ ಕಹಿ. ಸಿಹಿಯಿದ್ದರೆ ಅದರಲ್ಲಿ ಬೇರೇನೋ ಇದೆ ಎಂದೇ ಅರ್ಥ.

ಡಬ್ಬಿಯೊಳಗಿನ ಚಮಚ 5 ಗ್ರಾಂನದು. ಅರ್ಧಕ್ಕಿಂತ ಚೂರು ಮೇಲೆ ಅಂತ ಅಂದಾಜು ಹಾಕುವ ಬದಲು, ಒಡವೆ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಮೂರು ಗ್ರಾಂ ತೂಗಿ ನೋಡಿಕೊಂಡೆ, ಆಮೇಲೆ ಚಮಚದೊಳಗೆ ಅಷ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದೆ. ಬೆಳಗಿನ ತಿಂಡಿಯಾದ ಮೇಲೆ ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರಿಗೆ ಹಾಕಿ ಕಲಕುವುದು. ತಣ್ಣೀರಲ್ಲಿ ಪೂರ್ತಿ ಕರಗುವುದಿಲ್ಲ, ತಳದಲ್ಲಿ ಮರಳಿನಂತೆ ಉಳಿಯುತ್ತದೆ. ಅದನ್ನು ಚೆಲ್ಲಿದರೆ ಮೂರು ಗ್ರಾಂ ಎರಡಾಗುತ್ತದೆ. ಹಾಗಾಗಿ ಲೋಟಕ್ಕೆ ಇನ್ನಷ್ಟು ನೀರು ಹಾಕಿ ಅಲ್ಲಾಡಿಸಿ ಕುಡಿಯುತ್ತೇನೆ. ಬೆರೆಸಿದ್ದನ್ನು ಬಾಟಲಿಯಲ್ಲಿ ತುಂಬಿಕೊಂಡು ದಿನವಿಡೀ ಗುಟುಕರಿಸುವುದು ಬೇಡ, ನೀರಲ್ಲಿ ಬಹಳ ಹೊತ್ತು ಇದ್ದರೆ, ಅದರಲ್ಲೂ ಹುಳಿ ಪಾನಕದಲ್ಲಿ, ನಿಧಾನಕ್ಕೆ ಕೆಲಸಕ್ಕೆ ಬಾರದ ಕ್ರಿಯೇಟಿನಿನ್ ಆಗುತ್ತದೆ. ಅಭ್ಯಾಸ ಇಲ್ಲದ ದಿನವೂ ಬಿಡುವಂತಿಲ್ಲ. ಕಾಫಿಯ ಹಾಗೆ ಕುಡಿದ ಅರ್ಧ ಗಂಟೆಗೆ ಏನೋ ಆಗುತ್ತದೆ ಅಂತ ಕಾಯುವಂತೆಯೂ ಇಲ್ಲ. ಮೊದಲ ಎರಡು ವಾರ ನನಗೆ ಏನೂ ಅನ್ನಿಸಲಿಲ್ಲ.

ಅನ್ನಿಸುವುದನ್ನು ನಂಬುವ ಹಾಗೂ ಇಲ್ಲ. ದುಡ್ಡು ಕೊಟ್ಟು ಕುಡಿದದ್ದಕ್ಕೆ ಕಾಲು ಹಗುರ ಅನಿಸಿಯೇ ಅನಿಸುತ್ತದೆ. ಅದಕ್ಕೆ ಪುಡಿ ತೆರೆಯುವ ಮೊದಲೇ ಒಂದು ಪರೀಕ್ಷೆ ಕಟ್ಟಿಕೊಂಡಿದ್ದೆ. ಅಭ್ಯಾಸದ ಕೋಣೆಯಲ್ಲಿ ಕಿಟಕಿಯ ಸರಳಿಂದ ಬಾಗಿಲ ಚಿಲಕಕ್ಕೆ ಒಂದು ನೈಲಾನ್ ದಾರ ಬಿಗಿದೆ. ಎತ್ತರ ಎಷ್ಟೆಂದರೆ, ನಾನು ಸರಿಯಾದ ಅರೆಮಂಡಿಯಲ್ಲಿ ಕೂತಾಗ ಬೈತಲೆಯ ಮೇಲ್ಭಾಗ ದಾರಕ್ಕೆ ತಾಗದಷ್ಟು, ಒಂದು ಬೆರಳು ಕೆಳಗೆ. ಎದುರಿಗೆ ಸ್ಟೂಲಿನ ಮೇಲೆ ಫೋನು, ದಾರದ ಮಟ್ಟಕ್ಕೇ. ತಾಳದ ಆ್ಯಪ್‌ನಲ್ಲಿ ವೇಗ ಬದಲಾಗದಂತೆ ಇಟ್ಟು, ಅರೆಮಂಡಿಯಲ್ಲಿ ಕೂತೇ ಕಾಲು ತಟ್ಟುವ ತಟ್ಟಡವು ಮೂರನೇ ಕಾಲದಲ್ಲಿ ಅರ್ಧ ನಿಮಿಷ, ನೆಟ್ಟಗೆ ನಿಂತು ಅರ್ಧ ನಿಮಿಷ ಬಿಡುವು, ಮತ್ತೆ ಅರ್ಧ ನಿಮಿಷ. ತಟ್ಟಡವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಕುದಿತ್ತ ಮೆಟ್ಟಿನಲ್ಲಿ ಮುಂಗಾಲಿಗೆ ಏಳುವಾಗ ತಲೆ ಏಳಲೇಬೇಕು, ತಟ್ಟಡವಿನಲ್ಲಿ ಏಳಬಾರದು. ತಲೆ ದಾರವನ್ನು ದಾಟಿದ ಸುತ್ತಿಗೆ ಪರೀಕ್ಷೆ ಮುಗಿಯಿತು. ಆ ಹೊತ್ತಲ್ಲಿ ನಮಗೆ ಗೊತ್ತಾಗುವುದಿಲ್ಲ, ವಿಡಿಯೊ ನೋಡಿಯೇ ಹೇಳಬೇಕು. ಪುಡಿಗೆ ಮುಂಚೆ ನಾಲ್ಕನೇ ಸುತ್ತಿನಲ್ಲಿ ದಾಟುತ್ತಿತ್ತು, ಬೇರೆ ಬೇರೆ ದಿನ ಮಾಡಿದರೂ ಅಲ್ಲೇ.

ದಪ್ಪ ಆಗುತ್ತೇನಾ ಅನ್ನುವುದಕ್ಕೂ ಅಳತೆ ಇಟ್ಟುಕೊಂಡೆ. ತೂಕ ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಕೂಡಲೇ, ಏನೂ ತಿನ್ನದೆ. ತೊಡೆಗೆ, ತೊಡೆಸಂದಿನಿಂದ ಮಂಡಿಚಿಪ್ಪಿನವರೆಗೆ ಅಳೆದು ಸರಿ ಮಧ್ಯದಲ್ಲಿ ಟೇಪು. ತೋಳಿಗೆ ಬ್ಲೌಸಿನ ಪಟ್ಟಿ ಬರುವ ಜಾಗದಲ್ಲಿ. ತೊಡೆಗಿಂತ ತೋಳೇ ಮುಖ್ಯ, ತೊಡೆ ಮಡಿಕೆಗಳ ಒಳಗಿರುತ್ತದೆ, ತೋಳು ಸಭೆಗೆ ಕಾಣುತ್ತದೆ. ಇಲ್ಲಿ ಹೆಂಗಸರು ಮರೆಯಬಾರದ ಒಂದು ವಿಷಯವಿದೆ. ಮುಟ್ಟಿನ ಹಿಂದಿನ ವಾರ ಅನೇಕರಿಗೆ ಮೈಯಲ್ಲಿ ನೀರು ನಿಂತು ತೂಕ ತಾನೇ ಏರುತ್ತದೆ. ಆ ವಾರದ ಅಂಕಿಯನ್ನು ಮುಟ್ಟು ನಿಂತ ವಾರದ ಅಂಕಿಗೆ ಹೋಲಿಸಿದರೆ ಪುಡಿಯ ಮೇಲೆ ಸುಳ್ಳು ಆಪಾದನೆ ಬರುತ್ತದೆ. ಚಕ್ರದ ಅದೇ ವಾರವನ್ನು ಅದೇ ವಾರಕ್ಕೆ ಹೋಲಿಸಬೇಕು. ಹಾಗೆ ಹೋಲಿಸಿದಾಗ 54 ಕೆಜಿ ಇದ್ದ ನಾನು ಎರಡು ತಿಂಗಳ ಕೊನೆಗೆ ಅರ್ಧ ಕೆಜಿಯಷ್ಟು ಹೆಚ್ಚಿದ್ದೆ. ತೊಡೆ, ತೋಳಿನ ಅಳತೆಯಲ್ಲಿ ಟೇಪು ಹಿಡಿಯುವ ಕೈಯ ವ್ಯತ್ಯಾಸ ಮೀರಿದ ಬದಲಾವಣೆ ಕಾಣಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ನೀರು ಸೇರುವುದು ಬಹುಪಾಲು ಸ್ನಾಯುಕೋಶದ ಒಳಗೆ, ಚರ್ಮದ ಕೆಳಗೆ ಊದಿಕೊಳ್ಳುವ ಹಾಗಲ್ಲ. ಸ್ನಾಯು ನಿಜವಾಗಿ ದಪ್ಪಗಾಗಬೇಕಾದರೆ ವಾರವಾರಕ್ಕೂ ಭಾರ ಏರಿಸುತ್ತಾ ಎತ್ತಬೇಕು, ಮೈಗೆ ಬೇಕಾದ್ದಕ್ಕಿಂತ ಹೆಚ್ಚು ತಿನ್ನಬೇಕು. ಪೋಸ್ಟರಿನ ದೇಹದ ಹಿಂದೆ ಇರುವುದು ಆ ಎರಡು. ಕ್ರಿಯೇಟಿನ್ ಅಂಥವರಿಗೆ ಒಂದೆರಡು ಸಲ ಹೆಚ್ಚು ಎತ್ತಲು ನೆರವಾಗುತ್ತದೆ, ಅಷ್ಟೇ. ಹಾಗಾಗಿ ನಾನು ಜೊತೆಗೆ ಮಾಡುವ ವ್ಯಾಯಾಮವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟೆ. ಅರೆಮಂಡಿಯಿಂದ ಮೇಲಕ್ಕೆ ಐದೇ ಜಿಗಿತ, ಪ್ರತಿಯೊಂದೂ ಮೈಯಲ್ಲಿದ್ದ ಬಲವೆಲ್ಲ ಹಾಕಿ; ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಐದು; ಹೀಗೆ ಕೆಲವು ಸುತ್ತು, ವಾರಕ್ಕೆ ಎರಡು ದಿನ. ಕಡಿಮೆ ಸಲ, ಪೂರ್ತಿ ಬಿಡುವು. ಉರಿ ಹತ್ತುವವರೆಗೆ ಹತ್ತಿಪ್ಪತ್ತು ಸಲ ಭಾರ ಎತ್ತುವ ದಾರಿಗೆ ಹೋಗಲಿಲ್ಲ.

ಐದನೇ ವಾರದ ಹೊತ್ತಿಗೆ ದಾರದ ಪರೀಕ್ಷೆಯಲ್ಲಿ ತಲೆ ದಾಟುವುದು ಆರನೇ ಸುತ್ತಿಗೆ ಹೋಗಿತ್ತು. ಜಿಗಿತದಲ್ಲಿ ಮೊದಲನೆಯದರ ಎತ್ತರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಆದರೆ ಕೊನೆಯ ಸುತ್ತಿನ ಜಿಗಿತಗಳು ಮುಂಚೆ ಸೋತು ಇಳಿಯುತ್ತಿದ್ದಷ್ಟು ಇಳಿಯುತ್ತಿರಲಿಲ್ಲ. ಚಾಕ್ ಹಿಡಿದು ಗೋಡೆಗೆ ಗುರುತು ಹಾಕಿದ್ದರಿಂದ ಅದು ಕಣ್ಣಿಗೇ ಕಾಣುತ್ತಿತ್ತು. ವರ್ಣದಲ್ಲಿ ಫಲ ಸಿಕ್ಕಿದ್ದು ಸರಿಯಾಗಿ ನಿರೀಕ್ಷಿಸಿದ ಜಾಗದಲ್ಲಿ: ಚರಣದ ಮೂರನೇ, ನಾಲ್ಕನೇ ಸ್ವರ. ಉರಿ ಇರಲಿಲ್ಲವೆಂದಲ್ಲ, ಒಂದು ಸ್ವರ ಮುಗಿದು ಮುಂದಿನದಕ್ಕೆ ಹೋಗುವ ಸಣ್ಣ ಬಿಡುವಿನಲ್ಲಿ ಕಾಲು ಮುಂಚೆಗಿಂತ ಬೇಗ ಚೇತರಿಸಿಕೊಳ್ಳುತ್ತಿತ್ತು.

ನನ್ನ ಗುರುಗಳಿಗೆ ಇದೆಲ್ಲ ಹೇಳಿರಲಿಲ್ಲ. ವರ್ಣ ನೋಡಿ ಅವರೇ, "ಚರಣದಲ್ಲಿ ಮಂಡಿ ನಿಂತಿದೆಯಲ್ಲ, ಏನು ಮಾಡಿದೆ?" ಅಂತ ಕೇಳಿದರು. ಹೇಳಿದೆ. "ನಾವು ಹುರಿಹಿಟ್ಟು ತಿಂದು ವರ್ಣ ಮಾಡಿದೋರು ಕಣಮ್ಮ" ಅಂದು, ತುಸು ಹೊತ್ತು ಬಿಟ್ಟು, "ತಿಲ್ಲಾನದಲ್ಲಿ ಏದುಸಿರು ಮಾತ್ರ ಹಾಗೇ ಇದೆ, ಅದಕ್ಕೇನಾದ್ರೂ ಪುಡಿ ಇದೆಯಾ?" ಅಂದರು. ಇಲ್ಲ. ಅವರು ಚುಚ್ಚಿದ್ದು ಸರಿಯಾದ ಜಾಗಕ್ಕೇ. ಒಂದೂವರೆ ಗಂಟೆಯ ಮಾರ್ಗದ ಕೊನೆಗೆ ತಿಲ್ಲಾನಕ್ಕೆ ಬರುವಾಗ ಬೇಕಾಗುವ ದಮ್ಮು ಹೃದಯ, ಶ್ವಾಸಕೋಶದ ಲೆಕ್ಕ, ಕ್ರಿಯೇಟಿನ್ ಅದಕ್ಕೆ ಸಹಾಯ ಮಾಡುವುದು ಅಷ್ಟಕ್ಕಷ್ಟೇ. ಒಂದೇ ಸಮನೆ ನಡೆಯುವ ಕೆಲಸದ ತಾಳಿಕೆ ಬೇರೆ, ಬಿರುಸು-ಬಿಡುವು ಸರದಿಯ ತಾಳಿಕೆ ಬೇರೆ, ಇದು ಎರಡನೆಯದಕ್ಕೆ. ಮೊದಲನೆಯದಕ್ಕೆ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹಿಡಿದೆ, ನಂದಿಯವರೆಗೆ ನಿಲ್ಲದೆ ಹತ್ತುವುದು. ಮಂಡಿಗೆ ಪೆಟ್ಟಾಗದಿರಲಿ ಅಂತ ಇಳಿಯುವುದು ಬಸ್ಸಿನಲ್ಲಿ.

ಎರಡನೇ ತಿಂಗಳಲ್ಲಿ ರಕ್ತಪರೀಕ್ಷೆ. ಕ್ರಿಯೇಟಿನಿನ್ 0.7 ಇದ್ದದ್ದು 0.9. ಅದನ್ನೇ ಹಿಡಿದು ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಮೂತ್ರಪಿಂಡ ಸೋಸುವ ವೇಗದ ಅಂದಾಜು, 114ರಿಂದ 84ಕ್ಕೆ ಇಳಿದಿತ್ತು. ವರದಿಯಲ್ಲಿ ಆ ಸಾಲು ದಪ್ಪಕ್ಷರದಲ್ಲಿತ್ತು, ಪಕ್ಕದಲ್ಲಿ "ಸ್ವಲ್ಪ ಕಡಿಮೆ" ಎಂಬರ್ಥದ ಷರಾ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, "ನಾನು ಆವತ್ತೇ ಹೇಳಿದ್ದೆ" ಅಂದರು.

ಡಾಕ್ಟರ್ ಗಾಬರಿಯಾಗಲಿಲ್ಲ, ಮೊದಲೇ ಗೊತ್ತಿತ್ತಲ್ಲ. ಸ್ನಾಯುವಿನ ಕ್ರಿಯೇಟಿನ್ ದಿನವೂ ಒಂದಿಷ್ಟು ತಾನೇ ಕ್ರಿಯೇಟಿನಿನ್ ಆಗಿ ರಕ್ತಕ್ಕೆ ಬಂದು ಮೂತ್ರದಲ್ಲಿ ಹೋಗುತ್ತದೆ. ದಾಸ್ತಾನು ಹೆಚ್ಚಿದರೆ ಆ ಕಸವೂ ಹೆಚ್ಚುತ್ತದೆ. ಪರೀಕ್ಷೆ ನೋಡುವುದು ರಕ್ತದಲ್ಲಿ ಎಷ್ಟು ಕಸ ಇದೆ ಅಂತ. ಕಸ ಹೆಚ್ಚು ಬಂದದ್ದೋ, ಗುಡಿಸುವುದು ಕಮ್ಮಿಯಾದದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆಂದು "ಪುಡಿಯಿಂದಲೇ ಇರಬೇಕು ಬಿಡು" ಅಂತ ಕೈಬಿಡುವುದೂ ತಪ್ಪು, ನಿಜವಾದ ತೊಂದರೆ ಅದರ ಹಿಂದೆ ಅಡಗಿರಬಹುದು. ಡಾಕ್ಟರ್ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಬರೆದರು, ಅದಕ್ಕೂ ಕ್ರಿಯೇಟಿನ್‌ಗೂ ಸಂಬಂಧವಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯಾ ಅಂತಲೂ ನೋಡಿದರು. ಎರಡೂ ಸರಿಯಿದ್ದವು. ಸಿಸ್ಟಾಟಿನ್ ಸಿ ಎಲ್ಲ ಲ್ಯಾಬಿನಲ್ಲೂ ಮಾಡುವುದಿಲ್ಲ, ದುಬಾರಿಯೂ ಹೌದು. ಅದು ಆಗದಿದ್ದರೆ ಪುಡಿ ಕೆಲವು ವಾರ ನಿಲ್ಲಿಸಿ ಕ್ರಿಯೇಟಿನಿನ್ ಮತ್ತೆ ನೋಡುವುದು ಇನ್ನೊಂದು ದಾರಿ. ಪುಡಿಗೆ ಮುಂಚಿನ 0.7 ಕೈಯಲ್ಲಿ ಇಲ್ಲದಿದ್ದರೆ ಇಷ್ಟನ್ನೂ ಮಾತಾಡಲು ಆಧಾರವೇ ಇರುತ್ತಿರಲಿಲ್ಲ.

ಕೂದಲು ಉದುರುತ್ತದಂತೆ ಅಂತ ಬಹಳ ಜನ ಕೇಳುತ್ತಾರೆ. ಆ ಮಾತಿನ ಮೂಲ 2009ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ಹುಡುಗರ ಮೇಲೆ ನಡೆದ ಒಂದು ಸಣ್ಣ ಅಧ್ಯಯನ. ಲೋಡಿಂಗ್ ಮಾಡಿದಾಗ ಡಿಎಚ್‌ಟಿ ಎಂಬ ಹಾರ್ಮೋನು ಏರಿತ್ತು, ಕೂದಲನ್ನು ಅವರು ನೋಡಿರಲೇ ಇಲ್ಲ. ನನ್ನ ಜಡೆ ಹೇಗಿತ್ತೋ ಹಾಗೇ ಇದೆ. ವೇದಿಕೆಯ ಮೇಲೆ ಕಾಣುವ ಜಡೆಯ ಮುಕ್ಕಾಲು ಪಾಲು ಚೌರಿಯದು, ಅದು ಬೇರೆ ಮಾತು.

ಒಬ್ಬ ಶಿಷ್ಯೆಯ ತಾಯಿ ಹೇಗೋ ವಿಷಯ ತಿಳಿದು, "ಮಿಸ್, ನಮ್ಮ ಪುಟ್ಟಿಗೂ ಕೊಡಬಹುದಾ? ರಂಗಪ್ರವೇಶ ಹತ್ತಿರ ಬಂತು" ಅಂದರು. ಪುಟ್ಟಿಗೆ 14. ನಾನು ಕೊಡಿ ಅನ್ನಲಿಲ್ಲ. ಬೆಳೆಯುವ ಮಕ್ಕಳಿಗೆ ಇದನ್ನು ನೃತ್ಯದ ಟೀಚರ್ ಹೇಳಬಾರದು, ಮಕ್ಕಳ ಡಾಕ್ಟರ್ ಹೇಳಬೇಕು. ಆ ಹುಡುಗಿಯ ಅರೆಮಂಡಿ ಏಳುವುದಕ್ಕೆ ಕಾರಣ ಬೇರೆಯೇ ಇತ್ತು: ಶಾಲೆಯಿಂದ ನೇರ ಕ್ಲಾಸಿಗೆ ಬರುತ್ತಿದ್ದಳು, ಮಧ್ಯಾಹ್ನದ ಡಬ್ಬಿಯ ನಂತರ ಹೊಟ್ಟೆಗೆ ಏನೂ ಬಿದ್ದಿರುತ್ತಿರಲಿಲ್ಲ. ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ ತಿಂದು ಬರಲು ಹೇಳಿದೆ.

ದಸರಾ ಕಾರ್ಯಕ್ರಮ ಮುಗಿಯಿತು. ಕಾಸ್ಟ್ಯೂಮು ಅಳತೆ ಕೊಟ್ಟ ಹಾಗೇ ಕೂತಿತು. ಆದರೆ ಒಂದು ಅನುಮಾನ ಉಳಿದಿತ್ತು. ನಾಲ್ಕನೇ ಸುತ್ತು ಆರಾದದ್ದರಲ್ಲಿ ಪುಡಿಯದೆಷ್ಟು, ಜಿಗಿತ ಮತ್ತು ಬೆಟ್ಟದ್ದೆಷ್ಟು? ನಿಲ್ಲಿಸಿದರೆ ನಾಲ್ಕರಿಂದ ಆರು ವಾರದಲ್ಲಿ ಸ್ನಾಯುವಿನ ದಾಸ್ತಾನು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ದೀಪಾವಳಿಗೆ ಡಬ್ಬಿ ಮುಚ್ಚಿಟ್ಟು, ಅಭ್ಯಾಸವನ್ನೆಲ್ಲ ಹಾಗೇ ಮುಂದುವರಿಸಿ, ಧನುರ್ಮಾಸದಲ್ಲಿ ಅದೇ ದಾರ, ಅದೇ ತಾಳಕ್ಕೆ ತಟ್ಟಡವು ಮಾಡಿದೆ. ತಲೆ ಐದನೇ ಸುತ್ತಿನಲ್ಲಿ ದಾಟಿತು, ಮರುವಾರವೂ ಐದು. ಏರಿದ್ದ ಅರ್ಧ ಕೆಜಿ ಇಳಿದಿತ್ತು, ಕ್ರಿಯೇಟಿನಿನ್ 0.7ಕ್ಕೆ ವಾಪಸ್ಸು. ಒಬ್ಬಳೇ ಮಾಡಿಕೊಂಡ ಪರೀಕ್ಷೆಗೆ ಇದಕ್ಕಿಂತ ಹೆಚ್ಚಿನ ತೂಕ ಕೊಡಲಾರೆ, ಆದರೂ ಒಂದು ಸುತ್ತು ಅಭ್ಯಾಸದ್ದು, ಒಂದು ಸುತ್ತು ಪುಡಿಯದು ಅಂತ ನನ್ನ ಲೆಕ್ಕ. ಚರಣ ಸ್ವರಕ್ಕೆ ಆ ಒಂದು ಸುತ್ತು ಬೇಕು. ಬೇಸಿಗೆಯ ಕಾರ್ಯಕ್ರಮಗಳಿಗೆ ಎರಡು ತಿಂಗಳು ಇರುವಾಗ ಮತ್ತೆ ಶುರು ಮಾಡುತ್ತೇನೆ, ಮೂರೇ ಗ್ರಾಂ. ಮಂಡ್ಯದ ಗೆಳತಿಯೂ ಈ ಸಲ ಜೊತೆಗಿದ್ದಾಳೆ, ಅವಳಿಗೂ ಚಮಚದಲ್ಲಿ ಗೆರೆ ಎಳೆದು ಕೊಟ್ಟಿದ್ದೇನೆ.